ಸಂಘದ ಹೊಸ ಜಾಲತಾಣದ ಪ್ರಕಟಣೆ: ಸದಸ್ಯರಿಗೆ ಕಳುಹಿಸುವ ಮೊದಲು ಮತ್ತು ಕಳುಹಿಸಿದ ಮೇಲೆ

ನಿವಾಸಿಗಳ ಸಂಘಗಳ ಕಾರ್ಯದರ್ಶಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಜಾಲತಾಣ ಸಿದ್ಧವಾಗಿದೆ, ಸದಸ್ಯರಿಗೆಲ್ಲ ಪ್ರಕಟಣೆಯನ್ನೂ ಕಳುಹಿಸಿದ್ದೇವೆ, ಆದರೂ ಹೆಚ್ಚಿನವರು ಒಳಗೆ ಬರಲೇ ಇಲ್ಲ, ಎಲ್ಲಿ ತಪ್ಪಾಯಿತು?" ಅಂಥ ಪ್ರಕಟಣೆಗಳನ್ನು ಓದಿದರೆ ತಪ್ಪು ಸಾಮಾನ್ಯವಾಗಿ ಭಾಷೆಯಲ್ಲಿರುವುದಿಲ್ಲ. ಜಾಲತಾಣದಲ್ಲಿ ಏನೇನಿದೆ ಎಂಬುದನ್ನು ಅವು ಉತ್ಸಾಹದಿಂದ ವರ್ಣಿಸುತ್ತವೆ, ಆದರೆ ಓದುವವರು ಯಾವ ಇಮೇಲ್ ವಿಳಾಸ ಬಳಸಿ ಒಳಬರಬೇಕು ಎಂಬುದನ್ನು ಹೇಳುವುದಿಲ್ಲ. ಈ ಲೇಖನ ಪ್ರಕಟಣೆಯ ಒಂದೇ ಕೆಲಸವನ್ನು ಹಿಡಿದು ಹೊರಡುತ್ತದೆ: ಸದಸ್ಯರು ಮೊದಲ ಬಾರಿ ತಾವಾಗಿಯೇ ಲಾಗಿನ್ ಆಗುವಂತೆ ಮಾಡುವುದು, ಅಂದರೆ ತಮ್ಮ ಗುರುತು ಕೊಟ್ಟು ಜಾಲತಾಣದೊಳಗೆ ಪ್ರವೇಶಿಸುವಂತೆ ಮಾಡುವುದು.

ಉದಾಹರಣೆಗೆ 84 ಮನೆಗಳ ಸಂಘವೊಂದನ್ನು ಇಟ್ಟುಕೊಳ್ಳೋಣ. ಅದರ ಜಾಲತಾಣದಲ್ಲಿ ಎಲ್ಲರೂ ನೋಡಬಹುದಾದ ಕೆಲವು ಪುಟಗಳಿವೆ. ಸಭೆಯ ನಡಾವಳಿ, ಲೆಕ್ಕಪತ್ರ ಮತ್ತು ದೂರು ದಾಖಲಿಸುವ ನಮೂನೆ ಸದಸ್ಯರಿಗೆ ಮಾತ್ರ. ಜಾಲತಾಣದ ವಿಳಾಸ example.org ಎಂದಿರಲಿ. ನಿಮ್ಮ ಬಳಿ ಇರಬೇಕಾದದ್ದು ಸದಸ್ಯರ ಇತ್ತೀಚಿನ ಪಟ್ಟಿ, ಜಾಲತಾಣದ ಆಡಳಿತ ಖಾತೆ, ಸಂಘದ ಉಪನಿಯಮಗಳ ಪ್ರತಿ ಮತ್ತು ಸುಮಾರು ಎರಡು ವಾರಗಳ ಕಾಲಾವಕಾಶ. ಒಂದೇ ಸಂಜೆಯಲ್ಲಿ ಮುಗಿಸುತ್ತೇವೆಂದು ಹೊರಟವರು ಮುಂದಿನ ತಿಂಗಳು ಪೂರ್ತಿ ಫೋನ್ ಕರೆಗಳಿಗೆ ಉತ್ತರಿಸುತ್ತಾ ಕೂರಬೇಕಾಗುತ್ತದೆ.

1. ಹೊರಗಿನವರ ಕಣ್ಣಿನಿಂದ ಜಾಲತಾಣವನ್ನು ನೋಡಿ

ಸಮಿತಿಯವರು ಜಾಲತಾಣವನ್ನು ನೋಡುವುದು ಯಾವಾಗಲೂ ಲಾಗಿನ್ ಆದ ಸ್ಥಿತಿಯಲ್ಲಿ. ಹಾಗಾಗಿ ಹೊರಗಿನವರಿಗೆ ಏನು ಕಾಣುತ್ತದೆ ಎಂಬುದು ಅವರಿಗೆ ತಿಳಿಯುವುದೇ ಇಲ್ಲ. ಮೊಬೈಲಿನ ಬ್ರೌಸರಿನಲ್ಲಿ ಖಾಸಗಿ ಕಿಟಕಿಯನ್ನು, ಅಂದರೆ ಹಿಂದಿನ ಲಾಗಿನ್ ನೆನಪಿಟ್ಟುಕೊಳ್ಳದ ಇನ್‌ಕಾಗ್ನಿಟೋ ಕಿಟಕಿಯನ್ನು, ತೆರೆದು ಪ್ರತಿಯೊಂದು ಪುಟಕ್ಕೂ ಹೋಗಿ ನೋಡಿ. ಸದಸ್ಯರಿಗೆ ಮಾತ್ರ ಎಂದಿರುವ ಪುಟ ಲಾಗಿನ್ ಕೇಳಿದರೆ ಸರಿ. ಆದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬೇಡಿ.

ನಾನು ನೋಡಿದ ತೊಡಕುಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಇಲ್ಲಿಯೇ ಇದೆ. ಎಷ್ಟೋ ಜಾಲತಾಣಗಳಲ್ಲಿ ಬೀಗ ಇರುವುದು ಪುಟಕ್ಕೆ ಮಾತ್ರ. ಆ ಪುಟದಲ್ಲಿ ಕೊಟ್ಟಿರುವ ಪಿಡಿಎಫ್ ಕಡತಕ್ಕೆ ಇರುವುದಿಲ್ಲ. ಕಡತಗಳು ಬೇರೆಯದೇ ಕೋಶದಲ್ಲಿ ಸಂಗ್ರಹವಾಗುತ್ತವೆ, ಮತ್ತು ಕಡತದ ನೇರ ವಿಳಾಸ ಗೊತ್ತಿರುವವರು ಯಾರೇ ಆದರೂ ಲಾಗಿನ್ ಇಲ್ಲದೆಯೇ ಅದನ್ನು ತೆರೆಯಬಹುದು. ಸದಸ್ಯರೊಬ್ಬರು ಆ ವಿಳಾಸವನ್ನು ಸಂಘದ ಹೊರಗಿನ ಯಾರಿಗೋ ಕಳುಹಿಸಿದರೆ ಸಾಕು, ಲೆಕ್ಕಪತ್ರ ಬೀದಿಗೆ ಬಿದ್ದಂತೆಯೇ. ಪರೀಕ್ಷಿಸುವ ಕ್ರಮ ಸುಲಭ: ಲಾಗಿನ್ ಆದ ಕಿಟಕಿಯಲ್ಲಿ ಒಂದು ನಡಾವಳಿಯ ಪಿಡಿಎಫ್ ತೆರೆಯಿರಿ, ಮೇಲಿನ ವಿಳಾಸಪಟ್ಟಿಯಲ್ಲಿರುವುದನ್ನು ಪೂರ್ತಿಯಾಗಿ ನಕಲಿಸಿ, ಖಾಸಗಿ ಕಿಟಕಿಯಲ್ಲಿ ಅಂಟಿಸಿ. ಅಲ್ಲಿಯೂ ಕಡತ ತೆರೆದುಕೊಂಡರೆ ಪ್ರಕಟಣೆಯನ್ನು ಮುಂದೂಡಿ. ಜಾಲತಾಣ ಕಟ್ಟಿದವರಿಗೆ "ಲಾಗಿನ್ ಪರಿಶೀಲಿಸಿದ ನಂತರವೇ ಕಡತವನ್ನು ಕೊಡುವ ವ್ಯವಸ್ಥೆ ಬೇಕು" ಎಂದು ಸ್ಪಷ್ಟವಾಗಿ ಬರೆದು ತಿಳಿಸಿ.

ಇದಕ್ಕೆ ಉತ್ತರವಾಗಿ robots.txt ಎಂಬ ಕಡತದಲ್ಲಿ ಆ ಕೋಶದ ಹೆಸರು ಸೇರಿಸಿದ್ದೇವೆ ಎಂದು ಅವರು ಹೇಳಿದರೆ ಒಪ್ಪಬೇಡಿ. ಅದು ಶೋಧ ಯಂತ್ರಗಳಿಗೆ "ಇತ್ತ ಬರಬೇಡಿ" ಎಂದು ಮಾಡುವ ವಿನಂತಿ ಮಾತ್ರ, ಬೀಗವಲ್ಲ. ಅಲ್ಲದೆ ಆ ಕಡತವನ್ನು ಯಾರು ಬೇಕಾದರೂ ಓದಬಹುದಾದ್ದರಿಂದ, ಗುಟ್ಟಿನ ಕೋಶ ಎಲ್ಲಿದೆ ಎಂಬುದನ್ನು ಅದೇ ತೋರಿಸಿಕೊಟ್ಟಂತಾಗುತ್ತದೆ.

ಹಳೆಯ ನಡಾವಳಿಗಳನ್ನು ಏರಿಸುವಾಗ ಒಳಗೆ ಫೋನ್ ಸಂಖ್ಯೆಗಳು, ಬಾಕಿದಾರರ ಹೆಸರುಗಳು ಇವೆಯೇ ಎಂದು ಒಮ್ಮೆ ಓದಿ ನೋಡಿ. ಸೂಚನಾ ಫಲಕದ ಮೇಲೆ ಒಂದು ವಾರ ಇದ್ದು ಹೋದ ಹಾಳೆಗೂ ವರ್ಷಾನುಗಟ್ಟಲೆ ಉಳಿಯುವ ಕಡತಕ್ಕೂ ವ್ಯತ್ಯಾಸವಿದೆ.

2. ಪಟ್ಟಿಯನ್ನು ಮನೆಯ ಲೆಕ್ಕದಲ್ಲಿ ಸರಿಪಡಿಸಿ

ನಮ್ಮ ಉದಾಹರಣೆಯ ಸಂಘದ ಪಟ್ಟಿಯನ್ನು ಬಿಡಿಸಿ ನೋಡೋಣ. 84 ಮನೆಗಳಲ್ಲಿ 13 ಮನೆಗಳಿಗೆ ಇಬ್ಬರು ಜಂಟಿ ಮಾಲೀಕರಿದ್ದಾರೆ, ಆದ್ದರಿಂದ ಹೆಸರುಗಳು 97. ಇವರಲ್ಲಿ 9 ಮಂದಿಯ ಮುಂದೆ ಇಮೇಲ್ ವಿಳಾಸವೇ ಇಲ್ಲ. ಉಳಿದ 88 ಹೆಸರುಗಳಲ್ಲಿ 7 ದಂಪತಿಗಳು ಒಂದೇ ವಿಳಾಸವನ್ನು ಹಂಚಿಕೊಂಡಿದ್ದಾರೆ. ಹಾಗಾಗಿ ಬೇರೆ ಬೇರೆ ವಿಳಾಸಗಳು 81 ಮಾತ್ರ.

ಈ ಲೆಕ್ಕ ಏಕೆ ಮುಖ್ಯವೆಂದರೆ, ಬಹುತೇಕ ಜಾಲತಾಣ ತಂತ್ರಾಂಶಗಳು ಒಂದು ಇಮೇಲ್ ವಿಳಾಸಕ್ಕೆ ಒಂದೇ ಖಾತೆ ಎಂಬ ನಿಯಮವನ್ನು ಪಾಲಿಸುತ್ತವೆ. 97 ಸಾಲುಗಳ ಪಟ್ಟಿಯನ್ನು ಹಾಗೆಯೇ ಏರಿಸಿದರೆ ಆ ದಂಪತಿಗಳಲ್ಲಿ ಎರಡನೆಯವರ ಖಾತೆ ಸೃಷ್ಟಿಯಾಗುವುದಿಲ್ಲ, ಮತ್ತು ಕೆಲವು ತಂತ್ರಾಂಶಗಳಲ್ಲಿ ಎರಡನೆಯ ಸಾಲಿನ ಹೆಸರು ಮೊದಲನೆಯದರ ಮೇಲೆ ಬರೆದುಕೊಂಡುಬಿಡುತ್ತದೆ. ಪತಿಯ ಖಾತೆ ತೆರೆದರೆ ಪತ್ನಿಯ ಹೆಸರು ಕಾಣುವುದು ಹೀಗೆಯೇ.

ನನ್ನ ಸಲಹೆ ಇಷ್ಟು: ಆರಂಭದಲ್ಲಿ ಮನೆಗೆ ಒಂದು ಖಾತೆ ಕೊಡಿ, ಜಂಟಿ ಮಾಲೀಕರು ಕೇಳಿದರೆ ಅವರ ಸ್ವಂತ ಇಮೇಲ್ ವಿಳಾಸ ಪಡೆದು ಎರಡನೆಯದನ್ನು ಸೇರಿಸಿ. ಉಪನಿಯಮಗಳ ಪ್ರಕಾರ ಬಾಡಿಗೆದಾರರು ಸದಸ್ಯರಲ್ಲದಿದ್ದರೆ ಅವರಿಗೆ ದೂರು ದಾಖಲಿಸುವ ಅವಕಾಶವನ್ನಷ್ಟೇ ಕೊಡಬಹುದು. ಆದರೆ ಮಾಲೀಕರ ಖಾತೆಯನ್ನೇ ಬಾಡಿಗೆದಾರರು ಬಳಸುವ ಪರಿಪಾಠಕ್ಕೆ ಎಡೆಗೊಡಬೇಡಿ, ಏಕೆಂದರೆ ಬಾಡಿಗೆದಾರರು ಬದಲಾದಾಗ ಪಾಸ್‌ವರ್ಡ್ ಅವರೊಂದಿಗೇ ಹೋಗುತ್ತದೆ.

ನಂತರ ಪಟ್ಟಿಯ ವಿಳಾಸಗಳಿಗೆ ಒಂದು ಸಣ್ಣ ಪರೀಕ್ಷಾ ಪತ್ರ ಕಳುಹಿಸಿ. ಅದರಲ್ಲಿ ಯಾವ ಕೊಂಡಿಯೂ ಇರಬಾರದು, "ಮುಂದಿನ ವಾರ ಸಂಘದ ಜಾಲತಾಣದ ಬಗ್ಗೆ ಪತ್ರ ಬರಲಿದೆ" ಎಂಬ ಎರಡು ಸಾಲು ಸಾಕು. ತಪ್ಪು ವಿಳಾಸಗಳಿಂದ ಪತ್ರ ಹಿಂತಿರುಗಿ ಬರುತ್ತದೆ. ನಮ್ಮ ಸಂಘದಲ್ಲಿ 5 ಮನೆಗಳಿಗೆ ಯಾವ ಇಮೇಲ್ ವಿಳಾಸವೂ ಇಲ್ಲ, 3 ಮನೆಗಳ ಪತ್ರ ಹಿಂತಿರುಗಿತು ಎಂದುಕೊಳ್ಳಿ. ಅಂದರೆ 76 ಮನೆಗಳಿಗೆ ಇಮೇಲ್ ಮೂಲಕ, 8 ಮನೆಗಳಿಗೆ ಮುದ್ರಿತ ಚೀಟಿಯ ಮೂಲಕ ತಿಳಿಸಬೇಕು. ಪ್ರಕಟಣೆಗೆ ಮೊದಲೇ ಈ ಎಂಟು ಮನೆಗಳು ಯಾವುವೆಂದು ನಿಮಗೆ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

3. ಒಳಬರುವ ದಾರಿಯನ್ನು ನಿರ್ಧರಿಸಿ

ಸಂಘಗಳು ಸಾಮಾನ್ಯವಾಗಿ ಮೂರರಲ್ಲಿ ಒಂದು ದಾರಿ ಹಿಡಿಯುತ್ತವೆ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಡುವುದು ಮೊದಲನೆಯದು. ಅದು ಒಂದು ವಾರದೊಳಗೆ ಯಾರು ಯಾರಿಗೋ ತಿಳಿದಿರುತ್ತದೆ ಮತ್ತು ಯಾರು ಏನು ಮಾಡಿದರೆಂಬ ದಾಖಲೆಯೂ ಉಳಿಯುವುದಿಲ್ಲ, ಆದ್ದರಿಂದ ಬೇಡ.

ಎರಡನೆಯದು ಪ್ರತಿಯೊಬ್ಬರಿಗೂ ಆಹ್ವಾನದ ಕೊಂಡಿ ಕಳುಹಿಸುವುದು. ಸದಸ್ಯರು ಕೊಂಡಿಯನ್ನು ಒತ್ತಿ ತಮ್ಮ ಪಾಸ್‌ವರ್ಡ್ ತಾವೇ ಇಟ್ಟುಕೊಳ್ಳುತ್ತಾರೆ. ಇದು ಸುರಕ್ಷಿತ, ಆದರೆ ಇಂಥ ಕೊಂಡಿಗಳಿಗೆ ಅವಧಿಯಿರುತ್ತದೆ. ವರ್ಡ್‌ಪ್ರೆಸ್ ಬಳಸುವ ಜಾಲತಾಣಗಳಲ್ಲಿ ಬೇರೇನೂ ಬದಲಿಸದಿದ್ದರೆ ಅದು ಒಂದು ದಿನ ಮಾತ್ರ. ಶುಕ್ರವಾರ ರಾತ್ರಿ ಕಳುಹಿಸಿದ ಕೊಂಡಿಯನ್ನು ಭಾನುವಾರ ಬೆಳಗ್ಗೆ ಒತ್ತಿದವರಿಗೆ "ಕೊಂಡಿ ಮಾನ್ಯವಲ್ಲ" ಎಂಬ ಉತ್ತರ ಸಿಗುತ್ತದೆ. ಇನ್ನೊಂದು ವಿಚಿತ್ರ ತೊಡಕೂ ಇದೆ. ಕೆಲವು ಕಚೇರಿಗಳ ಇಮೇಲ್ ವ್ಯವಸ್ಥೆ ಬಂದ ಪತ್ರದ ಕೊಂಡಿಗಳನ್ನೆಲ್ಲ ಅಪಾಯವಿದೆಯೇ ಎಂದು ತಾನೇ ತೆರೆದು ನೋಡುತ್ತದೆ. ಒಮ್ಮೆ ಮಾತ್ರ ಬಳಸಬಹುದಾದ ಕೊಂಡಿಯಾದರೆ, ಸದಸ್ಯರು ನೋಡುವ ಮೊದಲೇ ಅದು ಖರ್ಚಾಗಿರುತ್ತದೆ. ಕಚೇರಿಯ ಇಮೇಲ್ ಕೊಟ್ಟ ಸದಸ್ಯರಿಂದಲೇ "ನಿಮ್ಮ ಕೊಂಡಿ ಕೆಲಸ ಮಾಡುವುದಿಲ್ಲ" ಎಂಬ ದೂರು ಬಂದರೆ ಕಾರಣ ಬಹುಮಟ್ಟಿಗೆ ಇದೇ.

ನಾನು ಶಿಫಾರಸು ಮಾಡುವುದು ಮೂರನೆಯದನ್ನು. ಖಾತೆಗಳನ್ನು ನೀವೇ ಸೃಷ್ಟಿಸಿಟ್ಟು, ಯಾರಿಗೂ ಪಾಸ್‌ವರ್ಡ್ ಆಗಲಿ ಆಹ್ವಾನದ ಕೊಂಡಿಯಾಗಲಿ ಕಳುಹಿಸದೆ, ಲಾಗಿನ್ ಪುಟದಲ್ಲಿರುವ "ಪಾಸ್‌ವರ್ಡ್ ಮರೆತಿದ್ದೀರಾ?" ಎಂಬುದನ್ನು ಒತ್ತಲು ಹೇಳಿ. ಸದಸ್ಯರು ನೋಂದಾಯಿತ ಇಮೇಲ್ ವಿಳಾಸವನ್ನು ತುಂಬಿದರೆ ಆ ಕ್ಷಣವೇ ಹೊಸ ಕೊಂಡಿ ಬರುತ್ತದೆ, ಅವರು ಪರದೆಯ ಮುಂದೆಯೇ ಕುಳಿತಿರುವುದರಿಂದ ಅವಧಿ ಮೀರುವುದು ಅಪರೂಪ. ನಿಮ್ಮ ಪ್ರಕಟಣೆಯನ್ನು ಆರು ತಿಂಗಳ ನಂತರ ಓದಿದರೂ ಸೂಚನೆ ಹಳತಾಗಿರುವುದಿಲ್ಲ. ಕಚೇರಿಯ ಇಮೇಲಿನ ತೊಡಕು ಮಾತ್ರ ಇಲ್ಲಿಯೂ ತಪ್ಪದು. ಅಂಥವರು ಸ್ವಂತ ವಿಳಾಸ ಕೊಡುವುದೇ ಪರಿಹಾರ.

ಈ ದಾರಿಗೆ ಒಂದು ದೌರ್ಬಲ್ಯವಿದೆ, ಅದನ್ನು ತಿಳಿದೇ ಪ್ರಕಟಣೆ ಬರೆಯಬೇಕು. ಪಟ್ಟಿಯಲ್ಲಿ ಇಲ್ಲದ ವಿಳಾಸವನ್ನು ತುಂಬಿದಾಗಲೂ ಚೆನ್ನಾಗಿ ಕಟ್ಟಿದ ಜಾಲತಾಣ "ಈ ವಿಳಾಸ ನಮ್ಮಲ್ಲಿದ್ದರೆ ಪತ್ರ ಬರುತ್ತದೆ" ಎಂದಷ್ಟೇ ಹೇಳುತ್ತದೆ. ಯಾರು ಸದಸ್ಯರೆಂದು ಹೊರಗಿನವರು ಊಹಿಸಿ ಪತ್ತೆಮಾಡಬಾರದು ಎಂಬುದು ಇದರ ಉದ್ದೇಶ. ಆದರೆ ಎರಡು ಇಮೇಲ್ ವಿಳಾಸ ಇರುವ ಸದಸ್ಯರು ಸಂಘಕ್ಕೆ ಕೊಟ್ಟಿರದ ವಿಳಾಸವನ್ನು ತುಂಬಿ, ಬಾರದ ಪತ್ರಕ್ಕಾಗಿ ಕಾಯುತ್ತಾ ಕೂರುತ್ತಾರೆ. ಆದ್ದರಿಂದ ಪ್ರಕಟಣೆಯ ಅತ್ಯಂತ ಉಪಯುಕ್ತ ವಾಕ್ಯ ಇದಾಗಿರುತ್ತದೆ: "ಈ ಪತ್ರ ಯಾವ ವಿಳಾಸಕ್ಕೆ ಬಂದಿದೆಯೋ ಅದನ್ನೇ ತುಂಬಿ."

4. ಪತ್ರ ಕಸದ ಕೋಶಕ್ಕೆ ಬೀಳದಂತೆ ನೋಡಿಕೊಳ್ಳಿ

ಹೊಸ ವಿಳಾಸದಿಂದ ಏಕಾಏಕಿ ಹತ್ತಾರು ಪತ್ರಗಳು ಹೊರಟರೆ ಇಮೇಲ್ ಸೇವೆಗಳು ಅನುಮಾನಿಸುತ್ತವೆ. ಪತ್ರ ನಿಜಕ್ಕೂ ನಿಮ್ಮದೇ ಎಂದು ಸಾಬೀತುಪಡಿಸುವ ಎರಡು ಏರ್ಪಾಡುಗಳು SPF ಮತ್ತು DKIM. ಮೊದಲನೆಯದು ನಿಮ್ಮ ಹೆಸರಿನಲ್ಲಿ ಪತ್ರ ಕಳುಹಿಸಲು ಯಾವ ಸರ್ವರ್‌ಗಳಿಗೆ ಅನುಮತಿಯಿದೆ ಎಂಬ ಪಟ್ಟಿ. ಎರಡನೆಯದು ಪ್ರತಿ ಪತ್ರದ ಮೇಲೆ ಬೀಳುವ ಡಿಜಿಟಲ್ ಮೊಹರು. 2024ರ ಫೆಬ್ರವರಿಯಿಂದ ಜಿಮೇಲ್ ಎಲ್ಲ ಕಳುಹಿಸುವವರಿಂದಲೂ ಇವುಗಳಲ್ಲಿ ಒಂದನ್ನಾದರೂ ನಿರೀಕ್ಷಿಸುತ್ತದೆ.

ಇವನ್ನು ಜೋಡಿಸುವುದು ಜಾಲತಾಣ ಕಟ್ಟಿದವರ ಕೆಲಸ. ಪರೀಕ್ಷಿಸುವುದು ನಿಮ್ಮ ಕೆಲಸ. "ಪಾಸ್‌ವರ್ಡ್ ಮರೆತಿದ್ದೀರಾ?" ಒತ್ತಿ ನಿಮ್ಮ ಜಿಮೇಲ್ ವಿಳಾಸಕ್ಕೆ ಪತ್ರ ತರಿಸಿಕೊಳ್ಳಿ, ಕಂಪ್ಯೂಟರಿನಲ್ಲಿ ಆ ಪತ್ರ ತೆರೆದು ಮೂರು ಚುಕ್ಕೆಗಳ ಪಟ್ಟಿಯಿಂದ Show original ಆರಿಸಿ. SPF ಮತ್ತು DKIM ಎರಡರ ಮುಂದೆಯೂ PASS ಎಂದಿರಬೇಕು. ಬೇರೆ ಎರಡು ಇಮೇಲ್ ಸೇವೆಗಳಲ್ಲಿಯೂ ಪತ್ರ ಎಲ್ಲಿ ಬೀಳುತ್ತದೆ ಎಂದು ನೋಡಿ. ಪ್ರಕಟಣೆ ತಲುಪಿ ಪಾಸ್‌ವರ್ಡ್ ಪತ್ರ ತಲುಪದಿರುವುದುಂಟು, ಏಕೆಂದರೆ ಎರಡೂ ಬೇರೆ ಬೇರೆ ಸರ್ವರ್‌ಗಳಿಂದ ಹೊರಟಿರಬಹುದು.

5. ಪ್ರಕಟಣೆಯನ್ನು ಬರೆಯಿರಿ

ಇಷ್ಟಾದ ಮೇಲೆ ಬರೆಯುವುದು ಕಷ್ಟವಲ್ಲ. ಉದ್ದ ಒಂದು ಪುಟ ಮೀರದಿರಲಿ. ಮಾದರಿಯೊಂದು ಹೀಗಿದೆ:

> ಮಾನ್ಯ ಸದಸ್ಯರೇ,
>
> ನಮ್ಮ ಸಂಘದ ಜಾಲತಾಣ ಈಗ ಬಳಕೆಗೆ ಸಿದ್ಧವಾಗಿದೆ. ಕಳೆದ ಸರ್ವಸದಸ್ಯರ ಸಭೆಯ ನಡಾವಳಿ ಮತ್ತು ಈ ವರ್ಷದ ಲೆಕ್ಕಪತ್ರಗಳನ್ನು ಅಲ್ಲಿ ಓದಬಹುದು, ನೀರು, ವಿದ್ಯುತ್ ಮತ್ತು ಲಿಫ್ಟ್ ಕುರಿತ ದೂರುಗಳನ್ನು ದಾಖಲಿಸಬಹುದು.
>
> ಮೊದಲ ಬಾರಿ ಒಳಬರಲು ಬ್ರೌಸರಿನಲ್ಲಿ example.org ಎಂದು ಟೈಪ್ ಮಾಡಿ, "ಲಾಗಿನ್" ಒತ್ತಿ, ನಂತರ "ಪಾಸ್‌ವರ್ಡ್ ಮರೆತಿದ್ದೀರಾ?" ಒತ್ತಿ. ಈ ಪತ್ರ ಯಾವ ಇಮೇಲ್ ವಿಳಾಸಕ್ಕೆ ಬಂದಿದೆಯೋ ಅದನ್ನೇ ತುಂಬಿ. ಕೆಲವೇ ನಿಮಿಷಗಳಲ್ಲಿ ಬರುವ ಕೊಂಡಿಯ ಮೂಲಕ ನಿಮ್ಮ ಪಾಸ್‌ವರ್ಡನ್ನು ನೀವೇ ಇಟ್ಟುಕೊಳ್ಳಿ. ಹತ್ತು ನಿಮಿಷವಾದರೂ ಬಾರದಿದ್ದರೆ ಸ್ಪ್ಯಾಮ್ ಕೋಶವನ್ನು ನೋಡಿ, ಅಲ್ಲಿಯೂ ಇಲ್ಲದಿದ್ದರೆ ಸಂಘದ ಕಚೇರಿಗೆ ತಿಳಿಸಿ.
>
> ಸಮಿತಿಯವರಾಗಲಿ ಕಚೇರಿ ಸಿಬ್ಬಂದಿಯಾಗಲಿ ನಿಮ್ಮ ಪಾಸ್‌ವರ್ಡ್ ಅಥವಾ ಒಟಿಪಿಯನ್ನು ಎಂದಿಗೂ ಕೇಳುವುದಿಲ್ಲ. ನಿರ್ವಹಣಾ ಶುಲ್ಕ ಪಾವತಿಸುವ ಸಂಘದ ಬ್ಯಾಂಕ್ ಖಾತೆ ಬದಲಾಗಿಲ್ಲ. ಮುಂದೆಂದಾದರೂ ಬದಲಾದರೆ ಸಹಿ ಮಾಡಿದ ಮುದ್ರಿತ ಸೂಚನೆ ನಿಮ್ಮ ಮನೆಗೆ ತಲುಪುತ್ತದೆ.
>
> ಕಾರ್ಯದರ್ಶಿ

ಇದರಲ್ಲಿ ಮೂರು ವಿಷಯಗಳನ್ನು ಉದ್ದೇಶಪೂರ್ವಕವಾಗಿ ಹೀಗೆ ಬರೆದಿದೆ. ವಿಳಾಸವನ್ನು ಒತ್ತುವ ಕೊಂಡಿಯಾಗಿ ಕೊಡದೆ ಟೈಪ್ ಮಾಡಲು ಹೇಳಿರುವುದಕ್ಕೆ ಕಾರಣವಿದೆ: ಸಂಘದ ಹೆಸರಿನಲ್ಲಿ ಬರುವ ಪತ್ರದ ಕೊಂಡಿ ಒತ್ತಿ ಪಾಸ್‌ವರ್ಡ್ ತುಂಬುವ ಅಭ್ಯಾಸವನ್ನು ನೀವೇ ಕಲಿಸಿದರೆ, ನಾಳೆ ವಂಚಕರು ಅದೇ ರೂಪದ ಪತ್ರ ಕಳುಹಿಸಿದಾಗ ಸದಸ್ಯರಿಗೆ ವ್ಯತ್ಯಾಸ ತಿಳಿಯದು. ಕೇಳಿಕೊಂಡಾಗ ಮಾತ್ರ ಬರುವ ಪಾಸ್‌ವರ್ಡ್ ಕೊಂಡಿಯ ಮಾತು ಬೇರೆ. "ಬ್ರೌಸರಿನಲ್ಲಿ ಬೀಗದ ಚಿಹ್ನೆ ಇದ್ದರೆ ಸುರಕ್ಷಿತ" ಎಂಬ ವಾಕ್ಯವನ್ನು ಸೇರಿಸುವ ಆಸೆಯಾಗುತ್ತದೆ, ಸೇರಿಸಬೇಡಿ. ಆ ಚಿಹ್ನೆ ಸಂಪರ್ಕ ಗೂಢಲಿಪಿಯಲ್ಲಿದೆ ಎಂದಷ್ಟೇ ಹೇಳುತ್ತದೆ, ಜಾಲತಾಣ ಯಾರದೆಂದು ಹೇಳುವುದಿಲ್ಲ, ಮತ್ತು ವಂಚಕರ ಜಾಲತಾಣಕ್ಕೂ ಅದು ಉಚಿತವಾಗಿ ಸಿಗುತ್ತದೆ.

ಬ್ಯಾಂಕ್ ಖಾತೆಯ ವಾಕ್ಯವೂ ಅನಗತ್ಯವಲ್ಲ. ಹೊಸ ವ್ಯವಸ್ಥೆ ಬಂದಿದೆ ಎಂದು ಎಲ್ಲರಿಗೂ ಗೊತ್ತಾದ ವಾರವೇ "ಶುಲ್ಕವನ್ನು ಇನ್ನು ಮುಂದೆ ಈ ಖಾತೆಗೆ ಕಟ್ಟಿ" ಎಂಬ ನಕಲಿ ಸಂದೇಶಕ್ಕೆ ನಂಬಿಕೆ ಹೆಚ್ಚು ಹುಟ್ಟುವ ಸಮಯ.

ಮೂರನೆಯದು ಮಾದರಿಯಲ್ಲಿ ಇಲ್ಲದಿರುವ ವಾಕ್ಯ. "ಇನ್ನು ಮುಂದೆ ಎಲ್ಲ ಸೂಚನೆಗಳೂ ಜಾಲತಾಣದಲ್ಲಿ ಮಾತ್ರ" ಎಂದು ಬರೆಯುವ ಮೊದಲು ಉಪನಿಯಮಗಳನ್ನು ತೆರೆದು ನೋಡಿ. ಸರ್ವಸದಸ್ಯರ ಸಭೆಗೆ ಇಂತಿಷ್ಟು ದಿನ ಮುಂಚಿತವಾಗಿ ಲಿಖಿತ ಸೂಚನೆ ಕೊಡಬೇಕೆಂದು ಅಲ್ಲಿದ್ದರೆ, ಜಾಲತಾಣದಲ್ಲಿ ಹಾಕಿದ್ದನ್ನೇ ಸೂಚನೆಯೆಂದು ನಂಬಿ ನಡೆಸಿದ ಸಭೆಯ ನಿರ್ಣಯವನ್ನು ಯಾರಾದರೂ ಪ್ರಶ್ನಿಸಬಹುದು. ಉಪನಿಯಮ ತಿದ್ದುಪಡಿಯಾಗುವವರೆಗೆ ಹಳೆಯ ಕ್ರಮವೂ ಜೊತೆಯಲ್ಲಿ ನಡೆಯಲಿ.

ಇಮೇಲ್ ಇಲ್ಲದ ಅಥವಾ ತಪ್ಪಾಗಿದ್ದ 8 ಮನೆಗಳ ಚೀಟಿಯಲ್ಲಿ ಎರಡನೆಯ ಪರಿಚ್ಛೇದ ಬದಲಾಗಬೇಕು: "ನಿಮ್ಮ ಸರಿಯಾದ ಇಮೇಲ್ ವಿಳಾಸವನ್ನು ಸಹಿಯೊಂದಿಗೆ ಬರೆದುಕೊಡಿ, ಬಳಸುವುದಿಲ್ಲವೆಂದಾದರೆ ನಡಾವಳಿಯ ಮುದ್ರಿತ ಪ್ರತಿ ಕಚೇರಿಯಲ್ಲಿ ಸಿಗುತ್ತದೆ." ಫೋನಿನಲ್ಲಿ ಹೇಳಿದ ವಿಳಾಸವನ್ನು ಪಟ್ಟಿಗೆ ಸೇರಿಸಬೇಡಿ. ಕರೆ ಮಾಡಿದವರು ಯಾರೆಂದು ತಿಳಿಯದು, ಅಕ್ಷರಗಳೂ ತಪ್ಪುತ್ತವೆ.

ಸೂಚನಾ ಫಲಕಕ್ಕೆ ಕ್ಯೂಆರ್ ಸಂಕೇತ ಹಾಕುವುದಾದರೆ ಅದರೊಳಗೆ ಜಾಲತಾಣದ ವಿಳಾಸವೇ ನೇರವಾಗಿರಲಿ. ಕೆಲವು ಉಚಿತ ಸೇವೆಗಳು ಕೊಡುವ ಸಂಕೇತ ಮೊದಲು ಅವರ ವಿಳಾಸಕ್ಕೆ ಹೋಗಿ ಅಲ್ಲಿಂದ ನಿಮ್ಮದಕ್ಕೆ ತಿರುಗುತ್ತದೆ. ಅವರು ಸೇವೆ ನಿಲ್ಲಿಸಿದ ದಿನ ನಿಮ್ಮ ಫಲಕ ಮೂಕವಾಗುತ್ತದೆ. ಸಂಕೇತದ ಕೆಳಗೆ ವಿಳಾಸವನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ.

6. ಕಂತುಗಳಲ್ಲಿ ಕಳುಹಿಸಿ

76 ಮನೆಗಳಿಗೆ ಒಂದೇ ಬಾರಿ ಕಳುಹಿಸಬೇಡಿ. ಮೊದಲ ಕಂತಿನಲ್ಲಿ ಸಮಿತಿಯ 5 ಮನೆಗಳು, ಜೊತೆಗೆ ಮೊಬೈಲ್ ಬಳಕೆ ಹೆಚ್ಚು ರೂಢಿಯಿಲ್ಲದ 3 ಮನೆಗಳು ಇರಲಿ. ಆ ಮೂವರ ಪಕ್ಕದಲ್ಲಿ ಕುಳಿತು, ಏನೂ ಹೇಳಿಕೊಡದೆ, ಪ್ರಕಟಣೆಯನ್ನಷ್ಟೇ ಓದಿ ಅವರು ಒಳಬರುವುದನ್ನು ನೋಡಿ. ಅವರು ಎಲ್ಲಿ ತಡವರಿಸಿದರೋ ಆ ವಾಕ್ಯವನ್ನು ತಿದ್ದಬೇಕು. ವಿಳಾಸವನ್ನು ಬ್ರೌಸರಿನಲ್ಲಿ ತುಂಬುವ ಬದಲು ಶೋಧಪಟ್ಟಿಯಲ್ಲಿ ತುಂಬಿ, ಅದೇ ರೀತಿಯ ಹೆಸರಿನ ಬೇರಾವುದೋ ಜಾಲತಾಣಕ್ಕೆ ಹೋಗುವುದನ್ನು ನೀವು ಖಂಡಿತ ಒಮ್ಮೆಯಾದರೂ ಕಾಣುತ್ತೀರಿ.

ಉಳಿದ 68 ಮನೆಗಳಿಗೆ 34ರಂತೆ ಎರಡು ಕಂತುಗಳಲ್ಲಿ, ಮೂರು ದಿನಗಳ ಅಂತರ ಕೊಟ್ಟು ಕಳುಹಿಸಿ. ಬೆಳಗ್ಗೆ ಕಳುಹಿಸಿ, ಆ ದಿನ ಸಂಜೆ ಸಮಿತಿಯ ಒಬ್ಬರು ಒಂದು ಗಂಟೆ ಕಚೇರಿಯಲ್ಲಿರಲಿ. ಎಲ್ಲರ ವಿಳಾಸಗಳೂ ಎಲ್ಲರಿಗೂ ಕಾಣುವಂತೆ To ಸಾಲಿನಲ್ಲಿ ತುಂಬುವ ತಪ್ಪು ಈಗಲೂ ನಡೆಯುತ್ತಿದೆ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೋಗುವ ಏರ್ಪಾಡು ಇಲ್ಲದಿದ್ದರೆ Bcc ಸಾಲನ್ನು ಬಳಸಿ.

7. ಹತ್ತನೆಯ ದಿನ ಪಟ್ಟಿಯನ್ನು ಮತ್ತೆ ತೆರೆಯಿರಿ

ಆಡಳಿತ ಖಾತೆಯಲ್ಲಿ ಯಾರು ಒಮ್ಮೆಯಾದರೂ ಲಾಗಿನ್ ಆಗಿದ್ದಾರೆ ಎಂಬುದು ಸಾಮಾನ್ಯವಾಗಿ ಸಿಗುತ್ತದೆ. ಇಲ್ಲದಿದ್ದರೆ ಆ ಸೌಲಭ್ಯವನ್ನು ಸೇರಿಸಲು ಕೇಳಿ. ಒಳಬರದವರನ್ನು ಒಂದೇ ಗುಂಪೆಂದು ಎಣಿಸಬೇಡಿ. ಪಾಸ್‌ವರ್ಡ್ ಕೊಂಡಿಯನ್ನು ಕೇಳಿಕೊಂಡೂ ಒಳಬಾರದವರಿದ್ದರೆ ಅವರಿಗೆ ಪತ್ರ ತಲುಪಿಲ್ಲ ಅಥವಾ ಕೊಂಡಿ ಮೊದಲೇ ಖರ್ಚಾಗಿದೆ. ಕೊಂಡಿಯನ್ನೇ ಕೇಳದವರು ಪ್ರಕಟಣೆಯನ್ನು ನೋಡಿಲ್ಲ, ಅಥವಾ ನೋಡಿ ಬೇಡವೆಂದಿದ್ದಾರೆ. ಮೊದಲನೆಯವರಿಗೆ ನೀವೇ ಕರೆ ಮಾಡಿ. ಎರಡನೆಯವರ ಮನೆಗೆ ಮುದ್ರಿತ ಪ್ರತಿ ಹೋಗಲಿ, ಅದರ ಮೇಲೆ ನಮ್ಮಲ್ಲಿರುವ ಅವರ ಇಮೇಲ್ ವಿಳಾಸದ ಮೊದಲ ಎರಡು ಅಕ್ಷರ ಮತ್ತು @ ಗುರುತಿನ ನಂತರದ ಭಾಗವನ್ನಷ್ಟೇ ಬರೆಯಿರಿ. ತಮ್ಮ ಯಾವ ವಿಳಾಸ ಎಂದು ಅವರಿಗೆ ಹೊಳೆಯಲು ಅಷ್ಟು ಸಾಕು, ಚೀಟಿ ಪಕ್ಕದ ಮನೆಗೆ ಹೋದರೂ ಪೂರ್ತಿ ವಿಳಾಸ ಬಯಲಾಗುವುದಿಲ್ಲ.

ಅದೇ ದಿನ ಶೋಧ ಯಂತ್ರವೊಂದರಲ್ಲಿ ಹೀಗೆ ಹುಡುಕಿ:

```
site:example.org filetype:pdf
```

ನಡಾವಳಿಯಾಗಲಿ ಲೆಕ್ಕಪತ್ರವಾಗಲಿ ಫಲಿತಾಂಶದಲ್ಲಿ ಕಂಡರೆ, ಮೊದಲ ಹಂತದ ಬೀಗ ಎಲ್ಲೋ ಬಿಟ್ಟುಹೋಗಿದೆ ಎಂದರ್ಥ. ಮೊದಲು ಕಡತಕ್ಕೆ ಬೀಗ ಹಾಕಿಸಿ, ಆಮೇಲೆ ಫಲಿತಾಂಶದಿಂದ ತೆಗೆಯುವಂತೆ ಆ ಶೋಧ ಯಂತ್ರಕ್ಕೆ ಮನವಿ ಸಲ್ಲಿಸಿ. ಈ ಕ್ರಮ ತಿರುಗಿದರೆ ತೆಗೆದುಹಾಕಿದ್ದು ಮತ್ತೆ ಕಾಣಿಸಿಕೊಳ್ಳುತ್ತದೆ. ಫಲಿತಾಂಶ ಖಾಲಿಯಾಗಿದ್ದರೂ ಪರೀಕ್ಷೆ ಮುಗಿಯಿತೆಂದು ತಿಳಿಯಬೇಡಿ, ಶೋಧ ಯಂತ್ರ ಇನ್ನೂ ಅತ್ತ ಸುಳಿದಿಲ್ಲದಿರಬಹುದು. ಒಂದು ತಿಂಗಳ ನಂತರ ಮತ್ತೊಮ್ಮೆ ಹುಡುಕಿ.